ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕೊನೆ ದಿನ ಯಾವುದು? ನಮ್ಮ ಸಂಘ ಕಲಿತದ್ದು

2023ರ ವಿಧಾನಸಭಾ ಚುನಾವಣೆಗೆ ಮುಂಚೆ ನಮ್ಮ ಯುವಕರ ಸಂಘದಿಂದ ಒಂದು ಪೋಸ್ಟ್ ಮಾಡಿದ್ದೆವು. ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಹೇಗೆ ಅಂತ ಒಂದೇ ಪುಟದಲ್ಲಿ ಬರೆದು, ವಾಟ್ಸಾಪ್‌ನಲ್ಲಿ ಹಂಚಿ, ಕಾಲೇಜಿನ ನೋಟಿಸ್ ಬೋರ್ಡಿಗೂ ಅಂಟಿಸಿದೆವು. ಅದರಲ್ಲಿ ಎರಡು ತಪ್ಪಿದ್ದವು. "ಜನವರಿ 1ಕ್ಕೆ 18 ತುಂಬಿರಬೇಕು" ಅಂತ ಹಾಕಿದ್ದೆವು. ಕೊನೆ ದಿನ ಇರಬೇಕಾದ ಕಡೆ "ಚುನಾವಣೆಗೆ ಮುಂಚೆ ಮಾಡಿಸಿ" ಅಂತಷ್ಟೇ ಬರೆದಿದ್ದೆವು.

ತಪ್ಪು ಗೊತ್ತಾಗಿದ್ದು ಪಿಯುಸಿ ಓದುತ್ತಿದ್ದ ಒಬ್ಬಳಿಂದ. "ಅಣ್ಣ, ನನಗೆ ಮಾರ್ಚ್ 9ಕ್ಕೆ 18 ಆಯ್ತು. ಇನ್ನು ಮುಂದಿನ ವರ್ಷವೇನಾ?" ಅಂತ ಕೇಳಿದಳು. ನಾನು ಹೌದು ಅಂದುಬಿಟ್ಟೆ. ಸಂಜೆ ತಾಲೂಕು ಕಚೇರಿಯ ಚುನಾವಣಾ ಶಾಖೆಗೆ ಹೋಗಿ ಕೇಳಿದಾಗ, ಅಲ್ಲಿದ್ದವರು ನಮ್ಮ ಪುಟ ಓದಿ ಆ ಸಾಲಿನ ಮೇಲೆ ಗೀಟು ಎಳೆದರು.

ಮೊದಲೆಲ್ಲ ಅರ್ಹತೆಗೆ ವರ್ಷಕ್ಕೊಂದೇ ದಿನ ಇತ್ತು, ಜನವರಿ 1. 2022ರ ಆಗಸ್ಟ್‌ನಿಂದ ಅದು ನಾಲ್ಕಾಗಿದೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಇದರಲ್ಲಿ ಯಾವ ದಿನಕ್ಕೆ 18 ತುಂಬಿರುತ್ತದೋ ಅಲ್ಲಿಂದ ಅರ್ಹತೆ. 17 ದಾಟಿದವರು ಮುಂಗಡವಾಗಿ ಅರ್ಜಿ ಹಾಕಿಡಬಹುದು. ತಮ್ಮ ಅರ್ಹತಾ ದಿನ ಬಂದ ಮೇಲೆ ಅವರ ಅರ್ಜಿಯನ್ನು ಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ.

ಹಾಗಾದರೆ ಆ ಹುಡುಗಿಯ ಲೆಕ್ಕ ನೋಡಿ. ಮಾರ್ಚ್ 9ಕ್ಕೆ 18 ಆಗಿದೆ, ಏಪ್ರಿಲ್ 1ರ ಹೊತ್ತಿಗೆ ಅವಳು ಅರ್ಹಳು. ಮತದಾನ ಇದ್ದದ್ದು ಮೇ 10ಕ್ಕೆ. ಅಂದರೆ ಅವಳು ವೋಟು ಹಾಕಬಹುದಿತ್ತು. ಅದೇ ಕ್ಲಾಸಿನ ಅವಳ ಗೆಳತಿಗೆ ಏಪ್ರಿಲ್ 9ಕ್ಕೆ 18. ಮತದಾನದ ದಿನ ಅವಳಿಗೂ 18 ಆಗಿರುತ್ತದೆ, ಅಲ್ವಾ? ಆದರೂ ಆ ಸಲ ಆಗಲ್ಲ. ಅವಳ ಅರ್ಹತಾ ದಿನ ಜುಲೈ 1. ಇದನ್ನು ಅವಳಿಗೆ ಬಿಡಿಸಿ ಹೇಳೋದು ಕಷ್ಟವಾಯಿತು. ಅವಳ ಹೆಸರಲ್ಲೂ ಮುಂಗಡ ಅರ್ಜಿ ಹಾಕಿಸಿದೆವು.

ಇನ್ನು ಕೊನೆ ದಿನ. ಹೆಚ್ಚಿನವರು ಮತದಾನದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಎಣಿಸಬೇಕಾದ್ದು ನಾಮಪತ್ರ ಸಲ್ಲಿಸುವ ಕೊನೆ ದಿನದಿಂದ. ಆ ದಿನ ಮುಗಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅರ್ಜಿ ಬಂದ ಕೂಡಲೇ ಹೆಸರು ಸೇರಿಸುವುದೂ ಇಲ್ಲ. ಯಾರದ್ದಾದರೂ ಆಕ್ಷೇಪಣೆ ಇದ್ದರೆ ಹೇಳಲಿ ಅಂತ ಅರ್ಜಿಗಳ ಪಟ್ಟಿಯನ್ನು ಏಳು ದಿನ ಪ್ರಕಟಿಸಿ ಇಡುತ್ತಾರೆ. ಅದಕ್ಕೇ ನಾಮಪತ್ರದ ಕೊನೆ ದಿನಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಅರ್ಜಿ ಹಾಕಿರಬೇಕು.

2023ರಲ್ಲಿ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ. ನಾಮಪತ್ರಕ್ಕೆ ಕೊನೆ ದಿನ ಏಪ್ರಿಲ್ 20. ಹತ್ತು ದಿನ ಹಿಂದಕ್ಕೆ ಬಂದರೆ ಏಪ್ರಿಲ್ 10. ಮತದಾನಕ್ಕೆ ಇನ್ನೂ ಒಂದು ತಿಂಗಳಿದೆ ಅಂತ ಸುಮ್ನೆ ಕೂತವರಿಗೆ ನಿಜವಾಗಿ ಸಿಕ್ಕಿದ್ದು ಘೋಷಣೆಯಾದ ಮೇಲಿನ ಹನ್ನೆರಡು ದಿನ. ಹೊಸ ಪೋಸ್ಟಿನಲ್ಲಿ "ಏಪ್ರಿಲ್ 10ರೊಳಗೆ" ಅಂತ ಕೆಂಪಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ ಹಾಕಿದೆವು. ಚುನಾವಣೆ ಇಲ್ಲದ ಕಾಲದಲ್ಲಿ ಅರ್ಜಿ ವರ್ಷಪೂರ್ತಿ ಹಾಕಬಹುದು. ಈಗ ನಾವು ಘೋಷಣೆಗೆ ಕಾಯುವುದನ್ನೇ ಬಿಟ್ಟಿದ್ದೇವೆ.

ದಾಖಲೆ ವಿಷಯದಲ್ಲಿ ಜನ ಸುಮ್ಮನೆ ಹೆದರುತ್ತಾರೆ. ಬೇಕಾದ್ದು ಮೂರೇ: ಬಿಳಿ ಹಿನ್ನೆಲೆಯ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ, ಹುಟ್ಟಿದ ದಿನಕ್ಕೊಂದು ದಾಖಲೆ, ವಿಳಾಸಕ್ಕೊಂದು ದಾಖಲೆ. ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರ, ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಆಗುತ್ತದೆ. ವಿಳಾಸಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು, ಕರೆಂಟ್ ಅಥವಾ ನೀರಿನ ಬಿಲ್ಲು ಆಗುತ್ತದೆ. ಬಿಲ್ಲು ಅಪ್ಪನ ಹೆಸರಲ್ಲಿದ್ದರೂ ನಡೆಯುತ್ತದೆ, ಅದೇ ವಿಳಾಸದಲ್ಲಿ ಅವರು ಮತದಾರರಾಗಿದ್ದರೆ ಸಾಕು.

ಹಾಸ್ಟೆಲ್‌ನಲ್ಲಿರುವವರ ವಿಷಯ ಬೇರೆ. ಅವರು ಊರಿನ ವಿಳಾಸದಲ್ಲೂ ಸೇರಬಹುದು, ಹಾಸ್ಟೆಲ್ ವಿಳಾಸದಲ್ಲೂ ಸೇರಬಹುದು. ಆದರೆ ಒಂದೇ ಕಡೆ. ಹಾಸ್ಟೆಲ್ ವಿಳಾಸವಾದರೆ ಕೋರ್ಸ್ ಒಂದು ವರ್ಷಕ್ಕೆ ಕಡಿಮೆ ಇರಬಾರದು, ಪ್ರಾಂಶುಪಾಲರಿಂದ ವ್ಯಾಸಂಗದ ದೃಢೀಕರಣ ಬೇಕು. ಪರಿಶೀಲನೆಗೆ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಬಂದಾಗ ರಜೆ ಅಂತ ಊರಿಗೆ ಹೋಗಿದ್ದರೆ "ಈ ವಿಳಾಸದಲ್ಲಿ ಇಲ್ಲ" ಅಂತ ವರದಿ ಹೋಗಿ ಅರ್ಜಿ ತಿರಸ್ಕಾರವಾಗಬಹುದು. ಹಾಗಾಗಿ ನಾವು ಅರ್ಜಿ ಹಾಕಿದವರ ಪಟ್ಟಿಯೊಂದನ್ನು ವಾರ್ಡನ್ ಕೈಗೂ ಕೊಟ್ಟಿರುತ್ತೇವೆ.

ಮಾರ್ಚ್ 9ರ ಹುಡುಗಿಯೂ ಹಾಸ್ಟೆಲ್‌ನವಳೇ. ಅವಳು ಊರಿನ ವಿಳಾಸವನ್ನೇ ಆರಿಸಿಕೊಂಡಳು. ಚುನಾವಣಾ ಆಯೋಗದ ವೆಬ್‌ಸೈಟ್ ತೆರೆದು (ಈಗ ಅದು voters.eci.gov.in), ಮೊಬೈಲ್ ನಂಬರಿನಿಂದ ಲಾಗಿನ್ ಆಗಿ, ಹೊಸದಾಗಿ ಹೆಸರು ಸೇರಿಸುವ ಫಾರಂ 6 ತೆಗೆದೆವು. ಮನೆಯವರ ವಿವರ ಕೇಳುವ ಕಡೆ ಅವಳ ಅಮ್ಮನ ಎಪಿಕ್ ನಂಬರ್ ಹಾಕಿದೆವು. ಅದು ವೋಟರ್ ಐಡಿ ಮೇಲಿರುವ, ಮೂರು ಅಕ್ಷರ ಏಳು ಅಂಕಿಯ ನಂಬರ್. ಅದನ್ನು ಕೊಟ್ಟರೆ ಮನೆಯವರೆಲ್ಲ ಒಂದೇ ಮತಗಟ್ಟೆಯಲ್ಲಿ ಬರುವುದು ಸುಲಭವಾಗುತ್ತದೆ.

ಇಲ್ಲೊಂದು ಕಡೆ ತುಂಬ ನಿಧಾನಿಸಬೇಕು. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಪಕ್ಕದಲ್ಲಿ ಕನ್ನಡದ ಹೆಸರು ತಾನೇ ಮೂಡುತ್ತದೆ. ಅದು ಎಷ್ಟೋ ಸಲ ತಪ್ಪಾಗಿರುತ್ತದೆ. Geetha ಅಂತ ಹೊಡೆದರೆ "ಗೀಥಾ" ಅಂತ ಬಂದು ಕೂರಬಹುದು. ಅದನ್ನು ಕೈಯಾರೆ ತಿದ್ದಬೇಕು, ಅಪ್ಪ ಅಮ್ಮನ ಹೆಸರನ್ನೂ ನೋಡಬೇಕು. ನಮ್ಮಲ್ಲಿ ಒಬ್ಬರು ಟೈಪ್ ಮಾಡುತ್ತಾರೆ, ಅರ್ಜಿದಾರರು ಪರದೆ ನೋಡಿ ಗಟ್ಟಿಯಾಗಿ ಓದುತ್ತಾರೆ. ಆಮೇಲಷ್ಟೇ ಸಬ್ಮಿಟ್.

ಈಗಾಗಲೇ ಪಟ್ಟಿಯಲ್ಲಿದ್ದು ಮನೆ ಬದಲಿಸಿದವರು ಮತ್ತೆ ಫಾರಂ 6 ಹಾಕಬಾರದು. ಅವರಿಗೆ ಫಾರಂ 8. ತಿದ್ದುಪಡಿಗೂ ಅದೇ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಕಾಗದದ ಫಾರಂ ಬೇಕೆನ್ನುವವರು ತಮ್ಮ ಬಿಎಲ್‌ಒಗೆ ಕೊಡಬಹುದು. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಬಹುದು.

"ಯಾವ ಪಾರ್ಟಿ ಕಡೆಯಿಂದ ಬಂದಿದ್ದೀರಪ್ಪ?" ಅಂತ ಪ್ರತಿ ಶಿಬಿರದಲ್ಲೂ ಕೇಳುತ್ತಾರೆ. ಯಾವುದೂ ಅಲ್ಲ. ಕರಪತ್ರದ ಖರ್ಚು ನಾನು ಕೊಡ್ತೀನಿ, ಕೆಳಗೊಂದು ಫೋಟೋ ಹಾಕಿ ಅಂದವರಿದ್ದರು. ಬೇಡ ಅಂತ ಕೈಮುಗಿದು ಬಂದೆವು. ನಾವೇ ಒಂದಿಷ್ಟು ಹಣ ಸೇರಿಸಿ ಜೆರಾಕ್ಸ್ ಮಾಡಿಸಿದೆವು. ಅರ್ಜಿ ಹಾಕಲು ಬಂದವರ ಹತ್ತಿರ ಯಾರಿಗೆ ವೋಟು ಅಂತ ನಮ್ಮವರು ತಮಾಷೆಗೂ ಕೇಳಬಾರದು ಅಂತ ಮಾತಾಗಿದೆ. ಅವರ ಆಧಾರ್ ಪ್ರತಿ ಒಂದನ್ನೂ ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ.

ಅರ್ಜಿ ಹಾಕಿದ ಕೂಡಲೇ ಒಂದು ರೆಫರೆನ್ಸ್ ನಂಬರ್ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಅರ್ಜಿ ಎಲ್ಲಿಗೆ ಬಂತು ಅಂತ ಅದೇ ನಂಬರಿನಲ್ಲಿ ನೋಡಬಹುದು. ಅಂಗೀಕಾರವಾದ ಮೇಲೂ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಿ. ಕೈಯಲ್ಲಿ ಕಾರ್ಡ್ ಇದ್ದು ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ವೋಟು ಹಾಕಲು ಬಿಡುವುದಿಲ್ಲ. ಆ ಹುಡುಗಿ ಹಾಗೇ ದಿನಾ ನೋಡುತ್ತಿದ್ದಳು. ಕಾರ್ಡ್ ಕೈಗೆ ಬರುವ ಮೊದಲೇ ಒಂದು ದಿನ ಸ್ಕ್ರೀನ್‌ಶಾಟ್ ಕಳಿಸಿದಳು. ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಕನ್ನಡದಲ್ಲಿ ಸರಿಯಾಗಿ ಬರೆದ ಅವಳ ಹೆಸರು, ಮೂರೂ ಅದರಲ್ಲಿದ್ದವು.