ಅಸ್ತಮಾ, ಸಿಒಪಿಡಿ ಚಾರ್ಟ್: ಗೆರೆಯನ್ನು ಎಲ್ಲಿ ಎಳೆಯಬೇಕು?

ನರ್ಸಿಂಗ್ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಈ ಚಾರ್ಟ್ ಬರೆಯಲು ಕೊಡುತ್ತೇನೆ. ಪ್ರತಿ ವರ್ಷ ಅದೇ ತಪ್ಪು ನೋಡುತ್ತೇನೆ. ಹಾಳೆಯ ನಡುವೆ ಮೇಲಿಂದ ಕೆಳಗಿನವರೆಗೆ ಒಂದೇ ಗೆರೆ. ಎಡಕ್ಕೆ ಅಸ್ತಮಾ, ಬಲಕ್ಕೆ ಸಿಒಪಿಡಿ. ಕಾರಣ, ಲಕ್ಷಣ ಬರೆಯುವ ತನಕ ಎಲ್ಲ ಸರಿ. ಇನ್ಹೇಲರ್ ಸಾಲಿಗೆ ಬಂದ ಕೂಡಲೇ ಎಡಕ್ಕೆ ‘ಪಫ್’, ಬಲಕ್ಕೆ ‘ರೋಟಾಹೇಲರ್’ ಎಂದು ಹಂಚಿಬಿಡುತ್ತಾರೆ. ಹಾಗೇನಿಲ್ಲ. ಎರಡೂ ಕಾಯಿಲೆಗೆ ಎರಡೂ ಸಾಧನ ಕೊಡುತ್ತಾರೆ. ಉಸಿರು ಎಳೆಯುವ ರೀತಿ ಬದಲಾಗುವುದು ಕೈಯಲ್ಲಿರುವ ಸಾಧನದಿಂದ, ಕಾಯಿಲೆಯಿಂದ ಅಲ್ಲ.

ಇದು ಅಂಕದ ಪ್ರಶ್ನೆ ಅಲ್ಲ. ಈ ಚಾರ್ಟ್ ನೋಡಿಕೊಂಡೇ ಅವರು ನಾಳೆ ವಾರ್ಡಿನಲ್ಲಿ ರೋಗಿಗೆ ಹೇಳಿಕೊಡುತ್ತಾರೆ. ಆದ್ದರಿಂದ ನಾನು ಮಾಡಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಕಾಯಿಲೆಯ ಸಾಲುಗಳು

ಇದು ಸುಲಭ, ಬೇಗ ಮುಗಿಸಿ. ಅಸ್ತಮಾ ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲಿ ಶುರುವಾಗುತ್ತದೆ. ಇವತ್ತು ಜಾಸ್ತಿ, ನಾಳೆ ಕಡಿಮೆ. ರಾತ್ರಿ ಮತ್ತು ಬೆಳಗಿನ ಜಾವ ಉಬ್ಬಸ, ಒಣಕೆಮ್ಮು. ನಡುವೆ ಪೂರ್ತಿ ಚೆನ್ನಾಗಿರುವ ದಿನಗಳೂ ಇರುತ್ತವೆ. ಸಿಒಪಿಡಿ ಸಾಮಾನ್ಯವಾಗಿ 40 ದಾಟಿದವರಲ್ಲಿ, ಬೀಡಿ ಸಿಗರೇಟು ಸೇದಿದವರಲ್ಲಿ ಕಾಣುತ್ತದೆ. ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕೂತ ಹೆಂಗಸರಿಗೂ ಬರುತ್ತದೆ. ಆ ಕೊನೆಯ ಮಾತನ್ನು ಬಿಡಬೇಡಿ. ‘ಸೇದುವ ಅಭ್ಯಾಸ ಇಲ್ಲ’ ಎಂದ ತಕ್ಷಣ ಅಜ್ಜಿಯ ಕಾಯಿಲೆಯನ್ನು ಅಸ್ತಮಾ ಎಂದು ಬರೆದ ಕೇಸ್ ಶೀಟುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಸ್ಪೈರೋಮೆಟ್ರಿಗೆ ಒಂದು ಸಾಲು ಸಾಕು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಒಟ್ಟು ಊದಿದ ಗಾಳಿಯ 0.70ಕ್ಕಿಂತ ಕಡಿಮೆಯೇ ಉಳಿದರೆ ಅದು ಸಿಒಪಿಡಿಯ ಕಡೆ ತೋರಿಸುತ್ತದೆ. ಔಷಧ ಕೊಟ್ಟಾಗ ಮೊದಲ ಸೆಕೆಂಡಿನ ಗಾಳಿ 200 ಮಿ.ಲೀ. ಮತ್ತು ಶೇ 12ಕ್ಕಿಂತ ಹೆಚ್ಚು ಏರಿದರೆ ಅಸ್ತಮಾದ ಅನುಮಾನ ಗಟ್ಟಿಯಾಗುತ್ತದೆ. ಎರಡೂ ಇರುವ ರೋಗಿಗಳೂ ಇದ್ದಾರೆ.

ಹಂತ 2: ಗೆರೆ ಅಳಿಸಿ, ಅಡ್ಡಗೆರೆ ಎಳೆಯಿರಿ

ಇನ್ಹೇಲರ್ ಸಾಲಿನಲ್ಲಿ ನಡುವಿನ ಗೆರೆ ಬೇಡ. ಅಡ್ಡಗೆರೆ ಹಾಕಿ ಎರಡು ಭಾಗ ಮಾಡಿ: ಮೇಲೆ ಪಫ್, ಕೆಳಗೆ ಪುಡಿ. ಪಫ್ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ‘ನಿಧಾನ’ ಎಂದು ಬರೆಯಿರಿ. ಪುಡಿ ಪಕ್ಕದಲ್ಲಿ ‘ಜೋರು’ ಎಂದು ಬರೆಯಿರಿ. ಇಡೀ ಚಾರ್ಟಿನಲ್ಲಿ ಒಂದೇ ಕಡೆ ಬಣ್ಣ ಹಾಕುವುದಾದರೆ ಈ ಎರಡು ಪದಗಳಿಗೆ ಹಾಕಿ.

ಯಾಕೆ ಅಂದರೆ, ಪಫ್‌ನಲ್ಲಿ ಔಷಧವನ್ನು ಡಬ್ಬಿಯ ಒತ್ತಡವೇ ಹೊರಗೆ ತಳ್ಳುತ್ತದೆ. ರೋಗಿ ಜೋರಾಗಿ ಎಳೆದರೆ ಹನಿಗಳು ಗಂಟಲಿನ ಹಿಂಭಾಗಕ್ಕೆ ಬಡಿದು ಅಲ್ಲೇ ಉಳಿಯುತ್ತವೆ. ರೋಟಾಹೇಲರ್‌ನಲ್ಲಿ ಒತ್ತಡ ಕೊಡುವ ಏನೂ ಇಲ್ಲ. ಪುಡಿಯನ್ನು ಒಡೆದು ಮೇಲೆತ್ತುವುದು ರೋಗಿಯ ಉಸಿರೇ. ನಿಧಾನವಾಗಿ ಎಳೆದರೆ ಪುಡಿ ಅಲ್ಲೇ ಕೂತಿರುತ್ತದೆ. ಈ ಕಾರಣ ತಿಳಿದ ವಿದ್ಯಾರ್ಥಿ ಹಂತಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಪಫ್: ಮುಚ್ಚಳ ತೆಗೆದು ಚೆನ್ನಾಗಿ ಅಲುಗಾಡಿಸಿ. ಹೊಸದಾದರೆ ಅಥವಾ ಬಹಳ ದಿನ ಬಳಸದಿದ್ದರೆ ಪೆಟ್ಟಿಗೆಯ ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ ಬಿಡಿ. ಉಸಿರು ಪೂರ್ತಿ ಹೊರಗೆ ಬಿಡಿ. ವಿದ್ಯಾರ್ಥಿಗಳು ಜಾಸ್ತಿ ಬಿಟ್ಟುಬಿಡುವುದು ಇದನ್ನೇ. ಎದೆ ತುಂಬಿರುವಾಗ ಹೊಸದಾಗಿ ಎಳೆಯಲು ಜಾಗ ಎಲ್ಲಿದೆ? ಆಮೇಲೆ ತುಟಿ ಮುಚ್ಚಿ, ಎಳೆಯಲು ಶುರು ಮಾಡಿದ ಕ್ಷಣಕ್ಕೇ ಒತ್ತಿ. ಒತ್ತಿದ ಮೇಲೂ ಎಳೆಯುತ್ತಲೇ ಇರಬೇಕು, ನಾಲ್ಕೈದು ಸೆಕೆಂಡು. ತಣ್ಣನೆಯ ಔಷಧ ಗಂಟಲಿಗೆ ತಾಗಿದಾಗ ಅನೇಕರು ಬೆಚ್ಚಿ ಉಸಿರು ನಿಲ್ಲಿಸುತ್ತಾರೆ. ಕೊನೆಗೆ 10 ಸೆಕೆಂಡು ಹಿಡಿದುಕೊಳ್ಳಿ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು, ಮತ್ತೆ ಅಲುಗಾಡಿಸಿ.

ತಪ್ಪಾಗಿದೆಯೇ ಎಂದು ತಿಳಿಯಲು ರೋಗಿಯ ಪಕ್ಕಕ್ಕೆ ನಿಂತು ಬಾಯಿ, ಮೂಗು ನೋಡಿ. ಬಿಳಿ ಹೊಗೆಯಂಥದ್ದು ಹೊರಗೆ ಬಂದರೆ ಔಷಧ ಒಳಗೆ ಹೋಗಿಲ್ಲ.

ಒತ್ತುವುದು, ಎಳೆಯುವುದು ಜೊತೆಯಾಗದಿದ್ದರೆ ಸ್ಪೇಸರ್ ಕೊಡಿ. ನನ್ನನ್ನು ಕೇಳಿದರೆ ಪಫ್ ತೆಗೆದುಕೊಳ್ಳುವ ಪ್ರತಿಯೊಬ್ಬರಿಗೂ ಸ್ಪೇಸರ್ ಬೇಕು, ಮುದುಕರಿಗಷ್ಟೇ ಅಲ್ಲ. ಒಂದು ಸಲಕ್ಕೆ ಒಂದೇ ಪಫ್ ಒತ್ತಿ, ತಕ್ಷಣ ನಿಧಾನವಾಗಿ ಎಳೆಯಬೇಕು. ತೊಳೆದ ಮೇಲೆ ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ವಿದ್ಯುತ್ತಿನ ಸೆಳೆತ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ. ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಕೊಳ್ಳಲು ಆಗದವರಿಗೆ ಅರ್ಧ ಲೀಟರ್ ನೀರಿನ ಬಾಟಲಿಯ ತಳಕ್ಕೆ ಪಫ್‌ನ ಬಾಯಿಯಷ್ಟೇ ತೂತು ಮಾಡಿ, ಸುತ್ತ ಗಾಳಿ ಹೋಗದಂತೆ ಬಿಗಿದರೆ ಅದೂ ಕೆಲಸ ಮಾಡುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅಸ್ತಮಾ ಇರುವ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಥರ್ಮಾಕೋಲ್ ಲೋಟ ಮಾತ್ರ ಬೇಡ, ಆ ಪರೀಕ್ಷೆಯಲ್ಲೇ ಅದು ಹಿಂದೆ ಬಿತ್ತು.

ಪುಡಿ: ನಾನು ಹಿಂದೆ ಕೆಲಸ ಮಾಡಿದ ಒಂದು ವಾರ್ಡಿನಲ್ಲಿ ಬೀಡಿ ಸೇದುತ್ತಿದ್ದ ಯಜಮಾನರೊಬ್ಬರು ಒಂದು ತಿಂಗಳು ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದ್ದರು. “ಮಾತ್ರೆ ಅಂದ್ರೆ ನುಂಗೋದಲ್ವಾ ಸಿಸ್ಟರ್?” ಎಂದರು. ಅವರ ತಪ್ಪೇನಿಲ್ಲ. ಡಿಸ್ಚಾರ್ಜ್ ದಿನ ಚೀಟಿ ಕೊಟ್ಟವರು ಸಾಧನವನ್ನು ತೆರೆದು ತೋರಿಸಿಯೇ ಇರಲಿಲ್ಲ. ಚಾರ್ಟಿನ ಈ ಭಾಗದ ಮೊದಲ ಸಾಲು ಇದೇ ಇರಲಿ: ‘ನುಂಗುವುದಲ್ಲ’.

ಕ್ಯಾಪ್ಸೂಲಿನ ಪಾರದರ್ಶಕ ತುದಿ ಮೊದಲು ಹೋಗುವಂತೆ ರೋಟಾಹೇಲರ್‌ನ ಚೌಕಾಕಾರದ ತೂತಿಗೆ ಒತ್ತಿ ಕೂರಿಸಿ. ಬುಡ ತಿರುಗಿಸಿದರೆ ಕ್ಯಾಪ್ಸೂಲ್ ಬಿಚ್ಚಿಕೊಂಡು ಪುಡಿ ಒಳಗೆ ಬೀಳುತ್ತದೆ. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಹೊರಗೆ ಬಿಡಬೇಕು. ಸಾಧನದೊಳಗೆ ಊದಿದರೆ ಬಾಯಿಯ ತೇವಕ್ಕೆ ಪುಡಿ ಗಂಟಾಗುತ್ತದೆ. ಆಮೇಲೆ ತುಟಿ ಬಿಗಿದು, ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. 10 ಸೆಕೆಂಡು ಹಿಡಿದು, ಬಿಚ್ಚಿ ನೋಡಿ. ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ. ಎರಡು ಸಲ ಎಳೆದರೂ ಪುಡಿ ಉಳಿಯುತ್ತಿದ್ದರೆ ರೋಗಿಗೆ ಅಷ್ಟು ಜೋರು ಇಲ್ಲ ಎಂದರ್ಥ. ಸಿಒಪಿಡಿ ಮುಂದುವರಿದವರಲ್ಲಿ ಇದು ಆಗುತ್ತದೆ. ಅವರನ್ನು ಗದರಿಸಬೇಡಿ, ಸಾಧನ ಬದಲಿಸಲು ಡಾಕ್ಟರಿಗೆ ಹೇಳಿ.

ಸ್ಟಿರಾಯ್ಡ್ ಇರುವ ಇನ್ಹೇಲರ್ ಯಾವುದೇ ಆಗಲಿ, ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟುತ್ತದೆ, ಧ್ವನಿ ಒಡೆಯುತ್ತದೆ.

ಹಂತ 3: ಔಷಧಕ್ಕೆ ಗೆರೆ ಮತ್ತೆ ಬೇಕು

ಸಾಧನಕ್ಕೆ ಅಳಿಸಿದ ಗೆರೆಯನ್ನು ಇಲ್ಲಿ ಮತ್ತೆ ಎಳೆಯಿರಿ. ಅಸ್ತಮಾದಲ್ಲಿ ಉಸಿರಿನ ಮೂಲಕ ಕೊಡುವ ಸ್ಟಿರಾಯ್ಡೇ ಅಡಿಪಾಯ. ಶ್ವಾಸನಾಳವನ್ನು ಬಹಳ ಹೊತ್ತು ಹಿಗ್ಗಿಸುವ ಔಷಧವನ್ನು ಸ್ಟಿರಾಯ್ಡ್ ಇಲ್ಲದೆ ಒಂಟಿಯಾಗಿ ಕೊಡುವುದು ಅಪಾಯ. ಸಿಒಪಿಡಿಯಲ್ಲಿ ಆ ಹಿಗ್ಗಿಸುವ ಔಷಧಗಳೇ ಅಡಿಪಾಯ. ಸ್ಟಿರಾಯ್ಡ್ ಆಯ್ದ ರೋಗಿಗಳಿಗೆ ಮಾತ್ರ, ಯಾಕೆಂದರೆ ಸಿಒಪಿಡಿ ಇರುವವರಲ್ಲಿ ಅದು ನ್ಯುಮೋನಿಯಾ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಪಕ್ಕದ ಮನೆಯವರ ಇನ್ಹೇಲರ್ ನೋಡಲು ಒಂದೇ ಥರ ಇದ್ದರೂ ಎರವಲು ಪಡೆಯುವಂತಿಲ್ಲ.

ಹಂತ 4: ಪೀಕ್ ಫ್ಲೋ

ಮುಳ್ಳನ್ನು ಸೊನ್ನೆಗೆ ತನ್ನಿ. ನಿಂತುಕೊಂಡು, ಎದೆ ತುಂಬ ಉಸಿರೆಳೆದು, ತುಟಿ ಬಿಗಿದು, ಒಂದೇ ಸಲಕ್ಕೆ ರಭಸವಾಗಿ ಊದಬೇಕು. ದೀಪ ಆರಿಸುವಂತೆ ಊದಬೇಕು, ಬಲೂನು ಊದುವಂತೆ ಅಲ್ಲ. ಮೂರು ಸಲ ಊದಿ, ಅತಿ ಹೆಚ್ಚಿನ ಅಂಕಿಯನ್ನು ಬರೆಯಿರಿ. ಸರಾಸರಿ ಬೇಡ. ವಿದ್ಯಾರ್ಥಿಗಳು ಸುಮ್ನೆ ಸರಾಸರಿ ತೆಗೆದು ರೋಗಿಯನ್ನು ಕಾಗದದ ಮೇಲೆ ಹುಷಾರಿಲ್ಲದಂತೆ ಮಾಡಿಬಿಡುತ್ತಾರೆ. ಒಬ್ಬರಿಗೆ ಯಾವಾಗಲೂ ಒಂದೇ ಮೀಟರ್ ಇರಲಿ. ಬೇರೆ ಬೇರೆ ಮೀಟರಿನ ಅಂಕಿ ಹೊಂದುವುದಿಲ್ಲ.

ಒಂದು ಲೆಕ್ಕ ಮಾಡೋಣ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ, ಅಸ್ತಮಾ ಇರುವ ಮಹಿಳೆ ಎಂದುಕೊಳ್ಳಿ. ಚೆನ್ನಾಗಿದ್ದಾಗ ಎರಡು ವಾರ ಬೆಳಿಗ್ಗೆ, ಸಂಜೆ ಊದಿಸಿದಾಗ ಬಂದ ಅತ್ಯುತ್ತಮ ಅಂಕಿ 400. ಅದರ ಶೇ 80 ಅಂದರೆ 320, ಶೇ 50 ಅಂದರೆ 200. 320ರಿಂದ ಮೇಲೆ ಹಸಿರು, 200ರಿಂದ 320ರವರೆಗೆ ಹಳದಿ, 200ಕ್ಕಿಂತ ಕೆಳಗೆ ಕೆಂಪು. ಈಗ ಒಂದು ದಿನ ಬೆಳಿಗ್ಗೆ 290, ಸಂಜೆ 360 ಬಂತು. ಸಂಜೆ ಮಾತ್ರ ಕ್ಲಿನಿಕ್ಕಿಗೆ ಬಂದು ಊದಿದ್ದರೆ ಹಸಿರು ಎಂದು ಕಳುಹಿಸುತ್ತಿದ್ದರು. ಬೆಳಿಗ್ಗೆ ಅವರು ಹಳದಿಯಲ್ಲಿದ್ದರು. ವ್ಯತ್ಯಾಸ 70, ಎರಡರ ಸರಾಸರಿ 325. 70ನ್ನು 325ರಿಂದ ಭಾಗಿಸಿದರೆ ಸುಮಾರು ಶೇ 22. ಒಂದೆರಡು ವಾರ ಹೀಗೆ ದಿನದಿನದ ಲೆಕ್ಕ ತೆಗೆದಾಗ ಸರಾಸರಿ ಶೇ 10 ದಾಟಿದರೆ, ದೊಡ್ಡವರಲ್ಲಿ ಅದು ಅತಿಯಾದ ಏರಿಳಿತ. ಸರಾಸರಿ ಇರಬೇಕಾದ ಜಾಗ ಇದು.

ಸಿಒಪಿಡಿ ಕಡೆ ಇದೇ ಬಣ್ಣಗಳನ್ನು ನಕಲು ಮಾಡಬೇಡಿ. ಪೀಕ್ ಫ್ಲೋ ಅಳೆಯುವುದು ಊದಿದ ಮೊದಲ ಕ್ಷಣದ ವೇಗವನ್ನು. ಸಿಒಪಿಡಿಯ ತೊಂದರೆ ಸಣ್ಣ ನಾಳಗಳಲ್ಲಿ, ಗಾಳಿ ಪೂರ್ತಿ ಖಾಲಿಯಾಗಲು ಹಿಡಿಯುವ ಹೊತ್ತಿನಲ್ಲಿ ಇರುತ್ತದೆ. ಅಂಕಿ ಪರವಾಗಿಲ್ಲ ಎನ್ನಿಸಿದರೂ ಕಾಯಿಲೆ ಗಂಭೀರವಾಗಿರಬಹುದು. ಆ ಕಡೆ ‘ಸ್ಪೈರೋಮೆಟ್ರಿ ಬೇಕು’ ಎಂದಷ್ಟೇ ಬರೆಯಿರಿ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಚಾರ್ಟಿನಲ್ಲಿ ಎರಡೂ ಕಡೆ ಬಣ್ಣ ಬಳಿದಿದ್ದರು. ದಯವಿಟ್ಟು ಅಂಥದ್ದನ್ನು ಕೊಳ್ಳಬೇಡಿ.

ಹಂತ 5: ಹೇಳಿಕೊಡುವುದು

ಅಸ್ತಮಾದವರಿಗೆ ಮುಖ್ಯವಾಗಿ ಹೇಳಬೇಕಾದದ್ದು, ಚೆನ್ನಾಗಿರುವ ದಿನವೂ ಸ್ಟಿರಾಯ್ಡ್ ಇನ್ಹೇಲರ್ ನಿಲ್ಲಿಸಬಾರದು ಎಂಬುದು. ಹಳದಿಯಲ್ಲಿ ಏನು ಮಾಡಬೇಕು, ಕೆಂಪಿನಲ್ಲಿ ಎಲ್ಲಿಗೆ ಓಡಬೇಕು ಎಂದು ಡಾಕ್ಟರಿಂದ ಬರೆಸಿಕೊಡಿ. ಸಿಒಪಿಡಿಯವರಿಗೆ ಮೊದಲು ಬೀಡಿ, ಆಮೇಲೆ ಒಲೆ ಹೊಗೆಯ ಮಾತು. ಮೂಗಿನಿಂದ ಎರಡೆಣಿಸುವಷ್ಟು ಹೊತ್ತು ಎಳೆದು, ಬಿಸಿ ಕಾಫಿ ಆರಿಸುವಂತೆ ತುಟಿ ಕೂಡಿಸಿ ನಾಲ್ಕೆಣಿಸುವಷ್ಟು ಹೊತ್ತು ಬಿಡುವುದನ್ನು ಕಲಿಸಿ. ಕಫ ಜಾಸ್ತಿಯಾದರೆ, ಬಣ್ಣ ಬದಲಾದರೆ, ದಮ್ಮು ಏರಿದರೆ ಕಾಯದೆ ಬರಲು ಹೇಳಿ. ವಿದ್ಯಾರ್ಥಿಗಳ ನೆನಪಿಗೆ ಮೂಲೆಯಲ್ಲಿ ಒಂದು ಅಂಕಿ ಬರೆದಿಡಿ: ದಾಖಲಾದ ಸಿಒಪಿಡಿ ರೋಗಿಗೆ ರಕ್ತದ ಆಮ್ಲಜನಕ ಮಟ್ಟದ ಗುರಿ ಶೇ 88ರಿಂದ 92. ಅದಕ್ಕಿಂತ ಮೇಲೇರಿಸಲು ಹೋದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಬಹುದು.

“ಗೊತ್ತಾಯ್ತಾ?” ಎಂದು ಕೇಳಬೇಡಿ. ಯಾರೂ ಇಲ್ಲ ಎನ್ನುವುದಿಲ್ಲ. ಆ ಯಜಮಾನರಿಗೆ ನಾನು ಹೇಳಿದ್ದು ಹೀಗೆ: “ಯಜಮಾನ್ರೇ, ಮನೆಗೆ ಹೋಗಿ ಮಗಳಿಗೆ ಹೇಗೆ ತೋರಿಸ್ತೀರಿ, ನನಗೂ ಒಂದ್ಸಲ ತೋರಿಸಿ.” ಅವರು ಕ್ಯಾಪ್ಸೂಲ್ ಸರಿಯಾಗಿ ಹಾಕಿದರು, ತಿರುಗಿಸಿದರು, ಆಮೇಲೆ ನೇರ ಅದರೊಳಗೇ ಊದಿಬಿಟ್ಟರು. ಮತ್ತೆ ತೋರಿಸಿದೆ. ಮೂರನೇ ಸಲ ಬಿಚ್ಚಿ ನೋಡಿದಾಗ ಪುಡಿ ಉಳಿದಿರಲಿಲ್ಲ. ಚಾರ್ಟಿನ ಕೊನೆಯಲ್ಲಿ ನಾಲ್ಕು ಖಾಲಿ ಚೌಕ ಬಿಡಿ. ಪ್ರತಿ ಭೇಟಿಗೂ ರೋಗಿ ತನ್ನದೇ ಇನ್ಹೇಲರ್ ತಂದು, ನಿಮ್ಮ ಎದುರು ತೆಗೆದುಕೊಂಡು ತೋರಿಸಿದ ದಿನಾಂಕ, ಆ ದಿನ ಕಂಡ ತಪ್ಪು ಅಲ್ಲಿ ಬರೆಯಬೇಕು.