ಬಿಪಿಎ ಫ್ರೀ ಅಂತಿದ್ರೆ ಸಾಕಾಗಲ್ಲ, ಕೆಳಗೂ ಓದಿ

ಫೀಡಿಂಗ್ ಬಾಟಲ್ ಆರ್ಡರ್ ಮಾಡೋರಿಗೆ ಒಂದ್ಮಾತು, ಬಿಪಿಎ ಫ್ರೀ ಅನ್ನೋದು ಬಿಪಿಎ ಅನ್ನೋ ಕೆಮಿಕಲ್ ಇದರಲ್ಲಿ ಇಲ್ಲ ಅಂತ ಹೇಳತ್ತೆ ಅಷ್ಟೇ, ಬಾಟಲ್ ಯಾವ್ದರಲ್ಲಿ ಮಾಡಿದ್ದು ಅಂತ ಹೇಳಲ್ಲ. ಡೀಟೇಲ್ಸಲ್ಲಿ ಪಿಪಿ, ಪಿಪಿಎಸ್‌ಯು ಅನ್ನೋ ಪ್ಲಾಸ್ಟಿಕ್‌ಗಳದ್ದು ಅಥವಾ ಗ್ಲಾಸ್ ಅಂತ ಮೆಟೀರಿಯಲ್ ಹೆಸ್ರು ಹುಡುಕಿ. ಫೋಟೋದಲ್ಲಿ ತಳ ಕಂಡ್ರೆ ತ್ರಿಕೋನದೊಳಗಿನ ನಂಬರ್ ನೋಡಿ, 5 ಅಂದ್ರೆ ಪಿಪಿ, ಆದ್ರೆ 7 ಅಂದ್ರೆ ಬರೀ "ಇತರೆ", ಪಿಪಿಎಸ್‌ಯುಗೂ ಅದೇ, ಬಿಪಿಎ ಇರೋ ಪಾಲಿಕಾರ್ಬೊನೇಟ್‌ಗೂ ಅದೇ, ಹಾಗಾಗಿ ಹೆಸ್ರಿಲ್ದೆ ಬರೀ 7 ಇದ್ರೆ ನಾನಂತೂ ಬಿಟ್ಬಿಡ್ತೀನಿ.

ನಿಪ್ಪಲ್ ಮೇಲಿನ ವಯಸ್ಸು ಹಾಲು ಬರೋ ಸ್ಪೀಡಿಗೆ ಒಂದು ಅಂದಾಜು ಮಾತ್ರ. ಬಾಯಿ ಪಕ್ಕದಿಂದ ಹಾಲು ಸೋರಿ ಮಗು ಕೆಮ್ಮಿದ್ರೆ, ಬಾಕ್ಸ್ ಮೇಲೆ ಏನೇ ಇರ್ಲಿ, ಒಂದು ಸೈಜ್ ಕಮ್ಮಿದು ಹಾಕಿ. ಕುದಿಸೋ ಟೈಮ್ ಬಾಟಲ್‌ಗೆ, ನಿಪ್ಪಲ್‌ಗೆ ಬೇರೆ ಬೇರೆ ಕೊಟ್ಟಿರ್ತಾರೆ, ಅದನ್ನೂ ಓದ್ಕೊಳ್ಳಿ.