ದುಂಡು ಪಿನ್ನೆಲ್ಲ ಒಂದೇ ಅಲ್ಲ: ಊರು ಬಿಡುವ ಮುಂಚೆ ಅಳೆದು ನೋಡಿ

ಕುವೆಂಪುನಗರದ ನಮ್ಮ ಪಕ್ಕದ ಮನೆ ಮೇಷ್ಟ್ರು ಮಗನನ್ನು ನೋಡಲು ಜ್ಯೂರಿಕ್‌ಗೆ ಹೋದರು. ಅಂಗಡಿಯವನು "ಯುರೋಪಿಗೆಲ್ಲಾ ಇದೇ ಸಾರ್" ಅಂತ ಎರಡು ದುಂಡು ಪಿನ್ನಿನ ದಪ್ಪ ಅಡಾಪ್ಟರ್ ಕೊಟ್ಟಿದ್ದ. ಅಲ್ಲಿ ಅದು ಗೋಡೆಗೆ ಹೋಗಲೇ ಇಲ್ಲ.

ಮೊದಲು ಪಿನ್ನಿನ ಆಕಾರ ನೋಡಿ. ಮೂರೂ ಆಯತಾಕಾರವಾಗಿದ್ದರೆ ಇಂಗ್ಲೆಂಡ್, ಸಿಂಗಪುರ, ದುಬೈ ಕಡೆಯದು. ಎರಡು ಚಪ್ಪಟೆ ಪಿನ್ ಅಕ್ಕಪಕ್ಕ ನೇರ ನಿಂತಿದ್ದರೆ ಅಮೆರಿಕ, ಜಪಾನ್. ಓರೆಯಾಗಿದ್ದರೆ ಆಸ್ಟ್ರೇಲಿಯಾ. ಇವನ್ನು ಯಾರೂ ತಪ್ಪುವುದಿಲ್ಲ. ಎಡವುವುದು ದುಂಡು ಪಿನ್ನಿನಲ್ಲೇ.

ಆಮೇಲೆ ಅಂತರ. ಪಿನ್ನಿನ ನಡುಭಾಗ ಹುಡುಕುತ್ತಾ ಕೂರಬೇಡಿ. ಬುಡದಲ್ಲಿ ಒಂದು ಪಿನ್ನಿನ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಸ್ಕೇಲ್ ಇಡಿ, ಲೆಕ್ಕ ಅದೇ ಬರುತ್ತದೆ. ನಮ್ಮ 6 ಆಂಪಿಯರ್ ಪ್ಲಗ್ಗು, ಜರ್ಮನಿಯದು, ಸ್ವಿಸ್‌ನದು ಮೂರೂ ಸುಮಾರು 19 ಮಿ.ಮೀ. ಮೋಸ ಹೋಗುವುದು ಇಲ್ಲೇ. ಅಂತರ ಒಂದೇ, ದಪ್ಪ ಬೇರೆ.

ಕಡ್ಡಿಯಂಥ ಪಿನ್ನಿನ ದಪ್ಪ ಸ್ಕೇಲಿನಲ್ಲಿ ಸಿಗಲ್ಲ. ಪ್ಲಗ್ ಗೋಡೆಯಿಂದ ಕಿತ್ತು, ಸಣ್ಣ ಕಾಗದದ ಪಟ್ಟಿಯನ್ನು ಪಿನ್ನಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ. ತುದಿ ಸೇರುವಲ್ಲಿ ಪೆನ್ನಿನಲ್ಲಿ ಗೀರಿ, ಬಿಡಿಸಿ ಅಳೆಯಿರಿ. ಹನ್ನೆರಡೂವರೆ ಮಿ.ಮೀ. ಬಂದರೆ ಪಿನ್ 4 ಮಿ.ಮೀ. ದಪ್ಪ. 15 ಬಂದರೆ 4.8, ಅದು ಜರ್ಮನಿ, ಫ್ರಾನ್ಸ್‌ನ ದಪ್ಪ ಪ್ಲಗ್ಗು. 16 ಬಂದರೆ ನಮ್ಮೂರಿನ ಮೂರು ಪಿನ್ನಿನದು. ದಾರ ಬೇಡ, ಎಳೆದರೆ ಹಿಗ್ಗುತ್ತದೆ.

ಸ್ವಿಸ್ ಮನೆಗಳ ಮಾಮೂಲಿ ಸಾಕೆಟ್ಟಿನ ತೂತು 4 ಮಿ.ಮೀ. ಪಿನ್ನಿಗೆ ಮಾತ್ರ. ಅದೂ ಉದ್ದನೆಯ ಆರು ಮೂಲೆಯ ಗುಳಿಯೊಳಗಿರುತ್ತದೆ. ಮೇಷ್ಟ್ರ ಅಡಾಪ್ಟರ್ ಪಿನ್ನು ಅದಕ್ಕಿಂತ ದಪ್ಪ, ಮೈ ಬೇರೆ ದುಂಡಗೆ. ಹೇಗೆ ಹೋದೀತು? ಆದ್ದರಿಂದ ಉಳಿಯುವ ಮನೆಯವರಿಂದ ಸಾಕೆಟ್ಟಿನ ಫೋಟೊ ತರಿಸಿಕೊಳ್ಳಿ. ದುಂಡು ಗುಳಿ, ಅಂಚಿನಲ್ಲಿ ಎರಡು ಲೋಹದ ಪಟ್ಟಿ ಇದ್ದರೆ ಜರ್ಮನಿ ಮಾದರಿ. ಗುಳಿಯೊಳಗಿಂದಲೇ ಒಂದು ಪಿನ್ ಹೊರಗೆ ಚಾಚಿದ್ದರೆ ಫ್ರಾನ್ಸ್. ಮೂರು ತೂತಿದ್ದು, ನಡುವಿನದು ಸ್ವಲ್ಪವೇ ಪಕ್ಕಕ್ಕೆ ಸರಿದಿದ್ದರೆ ಸ್ವಿಸ್.

ಎಲ್ಲ ದೇಶಕ್ಕೂ ಅಂತ ಮಾರುವ ಪಿನ್ ಜಾರಿಸುವ ಅಡಾಪ್ಟರ್ ನನಗೆ ಸೇರುವುದಿಲ್ಲ. ಎಷ್ಟೋ ಅಂಥವುಗಳಲ್ಲಿ ಅರ್ಥ್ ಸಂಪರ್ಕವೇ ಇರುವುದಿಲ್ಲ. ಮೂರು ಪಿನ್ನಿನ ಲ್ಯಾಪ್‌ಟಾಪಿಗೆ ಆ ದೇಶದ್ದೇ, ಅರ್ಥ್ ಇರುವ ಅಡಾಪ್ಟರ್ ತಗೊಳ್ಳಿ. ಇಂಗ್ಲೆಂಡಿನ ಸಾಕೆಟ್ಟಿಗೆ ಮೇಲಿನ ತೂತಲ್ಲಿ ಪೆನ್ ತುರುಕಿ ಎರಡು ಪಿನ್ ಹಾಕುವ ನಮ್ಮವರ ಜಾಣತನ ಸುಮ್ನೆ ಬೇಡ. ಪಿನ್ನು ಸಡಿಲ ನಿಂತು ಕಿಡಿ ಹಾರುತ್ತದೆ, ಬಿಸಿಯಾಗುತ್ತದೆ.

ಮೇಷ್ಟ್ರು ವಾಪಸು ಬಂದ ಮೇಲೆ ಅವರ ಫೋನ್ ಚಾರ್ಜರಿಗೆ ಕಾಗದ ಸುತ್ತಿ ನೋಡಿದೆವು. ಹನ್ನೆರಡೂವರೆ! ಮೈಯೂ ತೆಳ್ಳಗೆ. ಅಡಾಪ್ಟರ್ ಪಕ್ಕಕ್ಕಿಟ್ಟು ಅದನ್ನೇ ನೇರ ಗೋಡೆಗೆ ಹಾಕಿದ್ದರೆ ಸಾಕಿತ್ತು.